ಬೆಲೆ ಇಳಿಸಬೇಡಿ, ಕುಚ್ಚು ಕಟ್ಟಿಸಿಕೊಡಿ

ಸೀರೆ ಅಂಗಡಿಗೆ ಬಂದ ಹಳೆಯ ಗಿರಾಕಿ ‘ನಮಗೆ ಅಂತ ಹತ್ತು ಪರ್ಸೆಂಟ್ ಬಿಡಿ’ ಎಂದರೆ, ಆಗುವುದಿಲ್ಲ ಎನ್ನುವುದೇ ಸರಿ ಎಂಬುದು ನನ್ನ ನಿಲುವು. ಆದರೆ ಅಷ್ಟಕ್ಕೇ ಮಾತು ಮುಗಿಸಬಾರದು.

ಲೆಕ್ಕ ನೋಡಿ. ರೇಷ್ಮೆ ಸೀರೆಯ ಬೆಲೆ 12,000 ರೂಪಾಯಿ, ಅಸಲು 9,600 ಎಂದಿಟ್ಟುಕೊಳ್ಳಿ. ಉಳಿಯುವುದು 2,400. ಬಾಡಿಗೆ, ಸಂಬಳ ಎಲ್ಲ ಅದರಲ್ಲೇ ಆಗಬೇಕು. ಹತ್ತು ಪರ್ಸೆಂಟ್ ಬಿಟ್ಟರೆ 1,200 ಹೋಯಿತು, ಅಂದರೆ ಉಳಿಯುವುದರಲ್ಲಿ ಅರ್ಧ. ಮುಂದಿನ ವಾರ ಅವರ ನಾದಿನಿಯೂ ಬಂದು ಅದೇ ಬೆಲೆ ಕೇಳುತ್ತಾರೆ. ಚೌಕಾಸಿ ಮಾಡದೆ ಪೂರ್ತಿ ಹಣ ಕೊಟ್ಟವರಿಗೆ ಅನ್ಯಾಯವಾಗುತ್ತದೆ.

ಅದರ ಬದಲು ಹೀಗೆನ್ನಬಹುದು: ‘ಬೆಲೆ ಎಲ್ಲರಿಗೂ ಒಂದೇ ಅಮ್ಮಾ. ಆದರೆ ಫಾಲ್, ಪಿಕೋ ಮಾಡಿಸಿ, ಸೆರಗಿಗೆ ಕುಚ್ಚು ಕಟ್ಟಿಸಿ ಶುಕ್ರವಾರ ಕೊಡುತ್ತೇನೆ.’ ಖಾಯಂ ಕೆಲಸದವರಿರುವ ಅಂಗಡಿಗೆ ಇದು 400 ರೂಪಾಯಿಯಲ್ಲಿ ಆಗುತ್ತದೆ ಎನ್ನೋಣ. ಗಿರಾಕಿ ಹೊರಗೆ ಮಾಡಿಸಿದರೆ 800, ಮೇಲೆ ಎರಡು ಸಲ ಓಡಾಟ. ಮದುವೆ ಮನೆಯವರಿಗೆ ಆ ಓಡಾಟ ತಪ್ಪುವುದೇ ದೊಡ್ಡದು.

ಇದಕ್ಕೂ ಮಿತಿಯಿದೆ. ‘ಅದು ಬೇಡ, ಅದರ ದುಡ್ಡು ಕಳೆಯಿರಿ’ ಎಂದು ಗಿರಾಕಿ ಹೇಳಿದರೆ, ನಾವು ಕೊಡಹೊರಟದ್ದು ಅವರಿಗೆ ಬೇಕಾದುದಲ್ಲ ಎಂದರ್ಥ. ಆಗ ಏನು ಬೇಕೆಂದು ಕೇಳಬೇಕು. ಮೂಲೆಯಲ್ಲಿ ಬಿದ್ದಿರುವ ಪರ್ಸನ್ನು ಕೈಗಿಡಬಾರದು. ಇನ್ನು, ಶುಕ್ರವಾರ ಎಂದ ಸೀರೆ ಮದುವೆಯ ಮರುದಿನ ಸಿಕ್ಕರೆ, ರಿಯಾಯಿತಿ ಕೊಡದ ಸಿಟ್ಟಿಗಿಂತ ಆ ಸಿಟ್ಟೇ ಹೆಚ್ಚು ದಿನ ಉಳಿಯುತ್ತದೆ.