ಚಂದಾ ನಿಲ್ಲಿಸುವ ಮೊದಲು ಹಾಡಿನ ಪಟ್ಟಿ ಎತ್ತಿಟ್ಟುಕೊಳ್ಳಿ

ಮ್ಯೂಸಿಕ್ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುವವರನ್ನು ಒಮ್ಮೆ ಮಾತಿಗೆಳೆದು ನೋಡಿ. ‘ಈಗೀಗ ಅಷ್ಟಾಗಿ ಕೇಳಲ್ಲ, ಆದ್ರೆ ನಿಲ್ಸಿದ್ರೆ ನನ್ನ ಲಿಸ್ಟ್ ಎಲ್ಲಾ ಹೋಗ್ಬಿಡುತ್ತಲ್ವಾ?’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಅವರು ಹಾಡಿಗೆ ದುಡ್ಡು ಕೊಡುತ್ತಿಲ್ಲ. ವರ್ಷಗಟ್ಟಲೆ ಒಂದೊಂದೇ ಹಾಡು ಆರಿಸಿ ಕಟ್ಟಿದ ಪಟ್ಟಿ ಕೈತಪ್ಪೀತು ಎಂಬ ಹೆದರಿಕೆಗೆ ಕೊಡುತ್ತಿದ್ದಾರೆ. ಈ ಹೆದರಿಕೆ ಕೆಲವು ಕಡೆ ಬರೀ ಸುಳ್ಳು, ಕೆಲವು ಕಡೆ ಪೂರ್ತಿ ನಿಜ. ಯಾವುದು ಎಲ್ಲಿ ಎಂದು ಗೊತ್ತಿಲ್ಲದಿರುವುದೇ ಕಂಪನಿಗಳಿಗೆ ಲಾಭ. ಹಾಡು ಅವರದ್ದು, ಬಾಡಿಗೆಗೆ ಕೊಡುತ್ತಾರೆ, ಸರಿ. ಆದರೆ ಪಟ್ಟಿ ನಮ್ಮ ದುಡಿಮೆ. ಅದನ್ನು ಒತ್ತೆಯಿಟ್ಟುಕೊಂಡು ಬಾಡಿಗೆ ವಸೂಲಿ ಮಾಡುವುದು ಸರಿಯಲ್ಲ ಎಂಬುದು ನನ್ನ ವಾದ.

ಮೊದಲು ಸುಳ್ಳು ಹೆದರಿಕೆಯ ಕಡೆ ನೋಡೋಣ. ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್‌ಗೆ ಪುಕ್ಕಟೆ ಆವೃತ್ತಿ ಇದೆ. ಅಲ್ಲಿ ಚಂದಾ ರದ್ದು ಮಾಡಿದರೆ ದುಡ್ಡು ಕಟ್ಟಿದ ಅವಧಿ ಮುಗಿಯುವವರೆಗೆ ಎಲ್ಲವೂ ಹಾಗೆಯೇ ನಡೆಯುತ್ತದೆ. ಆಮೇಲೆ ನಿಮ್ಮ ಖಾತೆ ಪುಕ್ಕಟೆ ಖಾತೆಯಾಗುತ್ತದೆ. ಪ್ಲೇಲಿಸ್ಟ್‌ಗಳು ಇರುತ್ತವೆ, ಲೈಕ್ ಮಾಡಿದ ಹಾಡುಗಳೂ ಇರುತ್ತವೆ. ಹೋಗುವುದು ಡೌನ್‌ಲೋಡ್ ಮಾಡಿದ ಹಾಡುಗಳು ಮಾತ್ರ. ನಡುವೆ ಜಾಹೀರಾತು ಬರುತ್ತದೆ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಫೋನಿನ ಪರದೆ ಆರಿಸಿದರೆ ಹಾಡೂ ನಿಲ್ಲುತ್ತದೆ. ಇದಿಷ್ಟನ್ನು ಸಹಿಸಿಕೊಳ್ಳುವವರು ಪಟ್ಟಿಯ ಚಿಂತೆಯಿಂದ ಚಂದಾ ಮುಂದುವರಿಸಬೇಕಿಲ್ಲ. ಆದರೆ ಒಂದು ಎಚ್ಚರ ಬೇಕು: ಚಂದಾ ರದ್ದು ಮಾಡುವುದು ಬೇರೆ, ಖಾತೆಯನ್ನೇ ಅಳಿಸುವುದು ಬೇರೆ. ಖಾತೆ ಅಳಿಸಿದರೆ ಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ.

ಡೌನ್‌ಲೋಡ್ ಎಂಬ ಮಾತಿಗೂ ಇಲ್ಲೇ ಒಂದು ವಿವರಣೆ ಕೊಟ್ಟುಬಿಡುತ್ತೇನೆ, ಯಾಕೆಂದರೆ ಬಹಳ ಜನ ‘ಡೌನ್‌ಲೋಡ್ ಮಾಡಿಟ್ಟಿದೀನಿ, ಎಲ್ಲೂ ಹೋಗಲ್ಲ’ ಎಂದುಕೊಂಡಿರುತ್ತಾರೆ. ಇದು ಹಿಂದೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಕಿಸಿಕೊಳ್ಳುತ್ತಿದ್ದ ಎಂಪಿತ್ರೀ ಹಾಡಿನಂತಲ್ಲ. ಆ್ಯಪ್ ಇಳಿಸಿಕೊಳ್ಳುವ ಕಡತಕ್ಕೆ ಬೀಗ ಹಾಕಿರುತ್ತದೆ, ಕೀಲಿ ಕಂಪನಿಯ ಹತ್ತಿರ ಇರುತ್ತದೆ. ಚಂದಾ ಮುಗಿದ ದಿನ ಆ ಕೀಲಿ ನಿಮಗೆ ಸಿಗುವುದಿಲ್ಲ. ಆದ್ದರಿಂದ ಉಳಿಸಿಕೊಳ್ಳಬೇಕಾದ್ದು ಡೌನ್‌ಲೋಡನ್ನಲ್ಲ, ಹಾಡಿನ ಹೆಸರು, ಹಾಡಿದವರು, ಆಲ್ಬಂ ಎಂಬ ಮೂರು ವಿವರಗಳನ್ನು. ಇವು ಕೈಯಲ್ಲಿದ್ದರೆ ಪಟ್ಟಿಯನ್ನು ಎಲ್ಲಿ ಬೇಕಾದರೂ ಮತ್ತೆ ಕಟ್ಟಬಹುದು.

ಇನ್ನು ನಿಜವಾದ ಹೆದರಿಕೆಗೆ ಬರೋಣ. ಆಪಲ್ ಮ್ಯೂಸಿಕ್‌ಗೆ ಪುಕ್ಕಟೆ ಆವೃತ್ತಿ ಇಲ್ಲ. ಚಂದಾ ಮುಗಿದರೆ ಅಲ್ಲಿಂದ ನೀವು ಸೇರಿಸಿಕೊಂಡ ಹಾಡುಗಳು ಲೈಬ್ರರಿಯಿಂದ ಹೋಗುತ್ತವೆ, ಆ ಹಾಡುಗಳಿಂದ ಕಟ್ಟಿದ ಪ್ಲೇಲಿಸ್ಟ್‌ಗಳೂ ಹೋಗುತ್ತವೆ. ದುಡ್ಡು ಕೊಟ್ಟು ಕೊಂಡ ಹಾಡುಗಳಷ್ಟೇ ಉಳಿಯುತ್ತವೆ. ಬೇಗನೆ ಮತ್ತೆ ಚಂದಾ ಕಟ್ಟಿದರೆ ಲೈಬ್ರರಿ ಮರಳಿ ಬರುವುದುಂಟು, ಆದರೆ ಅದನ್ನು ನಂಬಿ ಕೂರುವಂತಿಲ್ಲ. ನಮ್ಮ ಕಡೆ ಐಫೋನ್ ಎಷ್ಟು ಜನರ ಹತ್ತಿರ ಇದೆ ಎಂದು ನೀವು ಕೇಳಬಹುದು. ಆಪಲ್ ಮ್ಯೂಸಿಕ್ ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಏರ್‌ಟೆಲ್ ತನ್ನ ವಿಂಕ್ ಆ್ಯಪ್ ಮುಚ್ಚುವುದಾಗಿ 2024ರಲ್ಲಿ ಹೇಳಿದ ಮೇಲೆ ತನ್ನ ಗ್ರಾಹಕರಿಗೆ ಆಪಲ್ ಮ್ಯೂಸಿಕ್ಕನ್ನು ಕೆಲವು ತಿಂಗಳು ಉಚಿತವಾಗಿ ಕೊಡುವ ಕೊಡುಗೆಗಳನ್ನು ತಂದಿತು. ಹಾಗೆ ಹಳ್ಳಿಯ ಫೋನುಗಳಿಗೂ ಅದು ಬಂತು. ಉಚಿತ ಅವಧಿಯಲ್ಲಿ ಪಟ್ಟಿ ಕಟ್ಟಿದವರಿಗೆ ಅವಧಿ ಮುಗಿಯುವಾಗಲೇ ಈ ಪ್ರಶ್ನೆ ಎದುರಾಗುವುದು.

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಪ್ರಾಥಮಿಕ ಶಾಲೆ ಶಿಕ್ಷಕಿ ಇದ್ದಾರೆ ಎಂದುಕೊಳ್ಳಿ. ಪ್ರಾರ್ಥನೆ, ನಾಡಗೀತೆ, ಕೋಲಾಟದ ಪದ, ಶಾಲಾ ವಾರ್ಷಿಕೋತ್ಸವದ ಕುಣಿತದ ಹಾಡು ಎಂದು ವಿಂಗಡಿಸಿ ಆರು ಪಟ್ಟಿಗಳಲ್ಲಿ 140 ಹಾಡು ಜೋಡಿಸಿದ್ದಾರೆ. ನಕ್ಷತ್ರದ ಗುರುತು ಒತ್ತಿ ಮೆಚ್ಚಿಕೊಂಡ ಹಾಡು ಬೇರೆ 60 ಇವೆ. ಉಚಿತ ಅವಧಿ ಮುಗಿದು ದುಡ್ಡು ಕಡಿತವಾಗುವ ದಿನ ತಿಂಗಳ 20. ಅವರು ಏನು ಮಾಡಬೇಕು?

ಹೆಚ್ಚಿನವರು 19ನೇ ತಾರೀಖು ಕೂತು ರದ್ದು ಮಾಡುತ್ತಾರೆ, ಆಮೇಲೆ ಪಟ್ಟಿ ನೆನಪಾಗುತ್ತದೆ. ಅಷ್ಟರಲ್ಲಿ ಕೆಲಸ ಕೆಟ್ಟಿರಬಹುದು. ದುಡ್ಡು ಕಟ್ಟಿದ ಚಂದಾ ರದ್ದಾದರೆ ಅವಧಿ ಮುಗಿಯುವವರೆಗೆ ಕಾಲಾವಕಾಶ ಇರುತ್ತದೆ. ಉಚಿತ ಅವಧಿಯಲ್ಲಿ ರದ್ದು ಮಾಡಿದರೆ ಆ ಕ್ಷಣವೇ ಬಾಗಿಲು ಮುಚ್ಚಬಹುದು. ಜೊತೆಗೆ, ಉಚಿತ ಅವಧಿ ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ರದ್ದು ಮಾಡಬೇಕೆಂದು ಆಪಲ್ ಹೇಳುತ್ತದೆ. ಅಂದರೆ ಕೊನೆಯ ದಿನಕ್ಕೆ ಕಾಯುವಂತಿಲ್ಲ, ತೀರಾ ಮೊದಲೇ ರದ್ದು ಮಾಡುವಂತೆಯೂ ಇಲ್ಲ. ಆದ್ದರಿಂದ ಪಟ್ಟಿ ಮೊದಲು, ರದ್ದು ಆಮೇಲೆ.

ಶಿಕ್ಷಕಿ 8ನೇ ತಾರೀಖು ಶುರು ಮಾಡಲಿ. ಫೋನಿನ ಬ್ರೌಸರ್‌ನಲ್ಲಿ privacy.apple.com ತೆರೆದು, ಆಪಲ್ ಮ್ಯೂಸಿಕ್‌ಗೆ ಬಳಸುವ ಅದೇ ಐಡಿಯಿಂದ ಒಳಗೆ ಹೋಗಬೇಕು. ಅಲ್ಲಿ ತನ್ನ ಮಾಹಿತಿಯ ಪ್ರತಿ ಕೇಳುವ ಆಯ್ಕೆ ಇದೆ. ಎಲ್ಲವನ್ನೂ ಕೇಳುವುದು ಬೇಡ, Apple Media Services ಎಂಬ ಸಾಲಿಗೆ ಟಿಕ್ ಹಾಕಿದರೆ ಸಾಕು. ಅದರೊಳಗೆ ಲೈಬ್ರರಿಯ ಹಾಡುಗಳು, ಪ್ಲೇಲಿಸ್ಟ್‌ಗಳು, ಮೆಚ್ಚಿದ ಹಾಡುಗಳು ಬೇರೆಬೇರೆ ಕಡತಗಳಾಗಿ ಬರುತ್ತವೆ. ಕೇಳಿದ ತಕ್ಷಣ ಸಿಗುವುದಿಲ್ಲ, ಏಳು ದಿನದವರೆಗೂ ಹಿಡಿಯಬಹುದು. 8ನೇ ತಾರೀಖು ಎಂದಿದ್ದು ಅದಕ್ಕೇ. ತಡವಾದರೂ 15ರ ಹೊತ್ತಿಗೆ ಕಡತ ಕೈಗೆ ಬರುತ್ತದೆ, ಇನ್ನೂ ಐದು ದಿನ ಉಳಿದಿರುತ್ತದೆ. ಕಡತ ಬಿಚ್ಚಿದರೆ ಆವರಣ ಚಿಹ್ನೆ, ಅಲ್ಪವಿರಾಮಗಳ ರಾಶಿ ಕಂಡು ಗಾಬರಿಯಾಗುವುದು ಬೇಡ. ಕಂಪ್ಯೂಟರಿನ ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಹಾಡಿನ ಹೆಸರು, ಹಾಡಿದವರ ಹೆಸರು ಓದಬಹುದು. ಆ ಕಡತವನ್ನು ತನಗೇ ಇಮೇಲ್ ಮಾಡಿಟ್ಟುಕೊಂಡರೆ ಮುಖ್ಯ ಕೆಲಸ ಮುಗಿಯಿತು.

ಇಷ್ಟು ಕಾಯಲಾಗದಿದ್ದರೆ ಇನ್ನೊಂದು ದಾರಿ ಪ್ರತಿ ಪಟ್ಟಿಯ ಸ್ಕ್ರೀನ್‌ಶಾಟ್. 140 ಹಾಡಿಗೆ ಇಪ್ಪತ್ತು ಚಿತ್ರ ಆದೀತು. ಅಂದ ಕೆಟ್ಟರೂ ಕೆಲಸಕ್ಕೆ ಬರುತ್ತದೆ. ಬರೀ ಹಾಡಿನ ಲಿಂಕ್‌ಗಳನ್ನು ನಕಲು ಮಾಡಿಟ್ಟುಕೊಳ್ಳುವುದು ಮಾತ್ರ ದಂಡ. ಲಿಂಕಿನಲ್ಲಿ ಹಾಡಿನ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ನೋಡಿ ಯಾವ ಹಾಡು, ಯಾರು ಹಾಡಿದ್ದು ಎಂದು ಹೇಳಲಾಗದು.

ಪಟ್ಟಿಯನ್ನು ಇನ್ನೊಂದು ಆ್ಯಪ್‌ಗೆ ಸಾಗಿಸಬೇಕೆಂದಿದ್ದರೆ Soundiiz, TuneMyMusic ಥರದ ತಾಣಗಳಿವೆ. ಅವು ಹಳೆಯ ಖಾತೆಯೊಳಗೆ ಹೋಗಿ ಪಟ್ಟಿ ಓದಿ, ಹೊಸ ಖಾತೆಯಲ್ಲಿ ಅದೇ ಹಾಡು ಹುಡುಕಿ ಜೋಡಿಸುತ್ತವೆ. ಪುಕ್ಕಟೆಯಾಗಿ ಎಷ್ಟು ಹಾಡು ಸಾಗಿಸಬಹುದು ಎಂಬುದಕ್ಕೆ ಮಿತಿ ಇರುತ್ತದೆ. ಹಳೆಯ ಖಾತೆಯೊಳಗೆ ಹೋಗಿ ಓದಬೇಕಾದ್ದರಿಂದ ಚಂದಾ ಜೀವಂತವಾಗಿರುವಾಗಲೇ ಈ ಕೆಲಸ ಆಗಬೇಕು. ನಮ್ಮ ಶಿಕ್ಷಕಿ 16ನೇ ತಾರೀಖು ಇದನ್ನು ಮಾಡಲಿ.

ಕನ್ನಡದ ಹಾಡು ಕೇಳುವವರಿಗೆ ಈ ಸಾಗಾಟದಲ್ಲೇ ಒಂದು ತೊಡಕು ಕಾದಿರುತ್ತದೆ. ಎಷ್ಟೋ ಕನ್ನಡ ಹಾಡುಗಳ ಹೆಸರು ಆ್ಯಪ್‌ಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ಒಂದೊಂದು ಕಡೆ ಒಂದೊಂದು ಕಾಗುಣಿತ. ಹೆಸರು ಹೊಂದದಿದ್ದರೆ ಹಾಡು ‘ಸಿಗಲಿಲ್ಲ’ ಎಂದು ಬಿಟ್ಟುಹೋಗುತ್ತದೆ. ಇದು ಎಣಿಸಿದರೆ ಗೊತ್ತಾಗುತ್ತದೆ. ಅಲ್ಲಿ 200 ಇದ್ದು ಇಲ್ಲಿ 188 ಬಂದರೆ ಉಳಿದ 12ನ್ನು ಕೈಯಿಂದ ಹುಡುಕಿ ಸೇರಿಸಬಹುದು. ಎಣಿಕೆಗೆ ಸಿಗದ ತಪ್ಪು ಇನ್ನೊಂದಿದೆ: ಹಾಡು ಅದೇ, ಹಾಡಿದವರು ಬೇರೆ. ನಾಡಗೀತೆಯನ್ನೇ ತೆಗೆದುಕೊಳ್ಳಿ. ಮೈಸೂರು ಅನಂತಸ್ವಾಮಿಯವರ ಧಾಟಿ ಒಂದು, ಸಿ. ಅಶ್ವಥ್ ಅವರದು ಇನ್ನೊಂದು. ಯಾವುದನ್ನು ಹಾಡಬೇಕೆಂಬ ವಾದ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿತು. ಹಾಡಿನ ಹೆಸರನ್ನಷ್ಟೇ ನೋಡಿ ಹುಡುಕುವ ಯಂತ್ರಕ್ಕೆ ಎರಡೂ ಒಂದೇ. ಮರುದಿನ ಶಾಲೆ ಮೈದಾನದಲ್ಲಿ ಬೇರೆಯದೇ ಧಾಟಿ ಮೊಳಗಿದಾಗಲೇ ಗೊತ್ತಾಗುವುದು. ಭಾವಗೀತೆ, ದಾಸರ ಪದ, ವಚನ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಹಾಡಿದವರ ಹೆಸರು ಮತ್ತು ಹಾಡಿನ ಉದ್ದ ಎರಡನ್ನೂ ತಾಳೆ ನೋಡಿದರೆ ತಪ್ಪು ಬೇಗ ಸಿಗುತ್ತದೆ.

ಇಷ್ಟಾದ ಮೇಲೆ 18ನೇ ತಾರೀಖು ರದ್ದು ಮಾಡುವ ಸರದಿ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಮೇಲ್ಗಡೆ ಇರುವ ನಿಮ್ಮ ಹೆಸರು ಒತ್ತಿದರೆ Subscriptions ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ ಆಪಲ್ ಮ್ಯೂಸಿಕ್ ಆ್ಯಪ್‌ನ ಖಾತೆಯ ಪುಟದಲ್ಲಿ ಚಂದಾ ನಿರ್ವಹಿಸುವ ಆಯ್ಕೆ ಸಿಗುತ್ತದೆ. ಚಂದಾ ಮೊಬೈಲ್ ಕಂಪನಿಯ ಮೂಲಕ ಬಂದಿದ್ದರೆ ಅವರ ಕಡೆಯಿಂದಲೇ ನಿಲ್ಲಿಸಬೇಕಾಗಬಹುದು. ದುಡ್ಡಿನ ಮೆಸೇಜು ಯಾರ ಹೆಸರಿನಲ್ಲಿ ಬರುತ್ತದೋ ಅಲ್ಲಿ ನಿಲ್ಲಿಸಬೇಕು ಎಂದು ನೆನಪಿಟ್ಟುಕೊಂಡರೆ ಸಾಕು. ಆ್ಯಪ್ ಅಳಿಸಿಹಾಕಿದರೆ ಚಂದಾ ನಿಲ್ಲುವುದಿಲ್ಲ, ಕಡಿತ ಮುಂದುವರಿಯುತ್ತದೆ. ಕೊನೆಗೆ ಯುಪಿಐ ಆ್ಯಪ್ ತೆರೆದು ಆಟೋಪೇ ಪಟ್ಟಿಯಲ್ಲಿ ಆ ಹೆಸರು ಇನ್ನೂ ಇದೆಯೇ ನೋಡಿ, ಇದ್ದರೆ ಅದನ್ನೂ ತೆಗೆಯಬೇಕು.

ಈಗ ನನ್ನ ತಕರಾರು. ತಂತಾನೇ ಕಡಿತವಾಗುವ ದುಡ್ಡಿಗೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಒಳ್ಳೆಯದೇ. ದುಡ್ಡು ಉಳಿಸಿಕೊಳ್ಳಲು ಒಂದು ದಿನ ಸಾಕು. ಆದರೆ ಪಟ್ಟಿಯ ಪ್ರತಿ ಸಿಗಲು ಏಳು ದಿನ ಬೇಕಾದರೆ ಆ ಮೆಸೇಜು ಬರುವ ಹೊತ್ತಿಗೆ ತಡವಾಗಿರುತ್ತದೆ. ಆಗ ಇರುವುದು ಎರಡೇ ದಾರಿ: ಪಟ್ಟಿ ಬಿಡುವುದು, ಇಲ್ಲವೇ ಇನ್ನೊಂದು ತಿಂಗಳ ದುಡ್ಡು ಕಟ್ಟುವುದು. ನೂರಿನ್ನೂರು ಹಾಡಿನ ಹೆಸರು ಕೆಲವು ಪುಟಗಳ ಬರಹವಷ್ಟೇ. ಅದನ್ನು ಆ್ಯಪ್‌ನೊಳಗೇ ಒಂದು ಗುಂಡಿ ಒತ್ತಿದರೆ ಸಿಗುವಂತೆ ಕೊಡಬಹುದು. ರದ್ದು ಮಾಡುವ ಪರದೆಯ ಮೇಲೆ ‘ನಿಮ್ಮ ಪಟ್ಟಿ ಇಂಥ ದಿನದವರೆಗೆ ಇರುತ್ತದೆ, ಅಷ್ಟರೊಳಗೆ ಪ್ರತಿ ತೆಗೆದುಕೊಳ್ಳಿ’ ಎಂದು ತಾರೀಖು ಹಾಕಿ ಹೇಳಬಹುದು. ಚಂದಾ ಮುಗಿದ ಮೇಲೆ ಹಾಡು ಕೇಳಿಸುವುದು ಬೇಡ, ಹಾಡಿನ ಹೆಸರುಗಳನ್ನಾದರೂ ತೋರಿಸಲಿ. ಬಾಡಿಗೆ ಮನೆ ಬಿಡುವವರು ಗೋಡೆ ಕಿತ್ತುಕೊಂಡು ಹೋಗುವುದಿಲ್ಲ. ಆದರೆ ತಾವು ತಂದ ಪಾತ್ರೆ ಪಡಗ ಎತ್ತಿಕೊಳ್ಳುವುದನ್ನು ಮಾಲೀಕ ತಡೆಯುವಂತಿಲ್ಲ.

ಆ ಗುಂಡಿ ಬರುವವರೆಗೆ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿಕೊಳ್ಳಿ: ಕಡಿತದ ದಿನಕ್ಕೆ ಹನ್ನೆರಡು ದಿನ ಮೊದಲು ಪಟ್ಟಿಗೆ, ಎರಡು ದಿನ ಮೊದಲು ರದ್ದಿಗೆ.