‘ನಾಳೆ ಶಾಲೆಗೆ ರಜೆ!’ ಸರಿ, ಯಾವ ಊರಲ್ಲಿ?

ಕಳೆದ ಮಳೆಗಾಲದಲ್ಲಿ ಅರಸೀಕೆರೆಯಿಂದ ಅಕ್ಕ ಫೋನ್ ಮಾಡಿ ಬೈದಳು. ‘ಏನೇ, ರಜೆ ಅಂತ ನೀವೇ ಹಾಕಿದ್ರಿ. ಮಗಳನ್ನ ಮನೇಲೇ ಇಟ್ಕೊಂಡೆ. ಇವತ್ತು ಅವಳಿಗೆ ಟೆಸ್ಟ್ ಇತ್ತಂತೆ!’

ಆ ಶೀರ್ಷಿಕೆ ಬರೆದವಳು ನಾನೇ. ‘ಭಾರೀ ಮಳೆ: ಹಾಸನದಲ್ಲಿ ನಾಳೆ ಶಾಲೆಗಳಿಗೆ ರಜೆ! ಎಲ್ಲೆಲ್ಲಿ ಗೊತ್ತಾ?’ ಜಿಲ್ಲಾಧಿಕಾರಿಗಳ ಆದೇಶ ಇದ್ದದ್ದು ಸಕಲೇಶಪುರ ತಾಲ್ಲೂಕಿಗೆ ಮಾತ್ರ. ಅದೂ ಅಂಗನವಾಡಿಯಿಂದ ಪ್ರೌಢಶಾಲೆವರೆಗೆ; ಪಿಯು ಕಾಲೇಜಿಗೆ ರಜೆ ಇರಲಿಲ್ಲ. ಒಳಗೆ ಮೂರನೇ ಪ್ಯಾರಾದಲ್ಲಿ ಎಲ್ಲ ಸರಿಯಾಗೇ ಬರೆದಿದ್ದೆ. ಆದರೆ ರಾತ್ರಿ ಹತ್ತು ಗಂಟೆಗೆ ಅಡುಗೆಮನೆ ಒರೆಸುತ್ತಾ ಫೋನ್ ನೋಡುವ ತಾಯಿ ಮೂರನೇ ಪ್ಯಾರಾವರೆಗೆ ಬರುತ್ತಾಳೆಯೇ?

ಅವತ್ತು ಕ್ಲಿಕ್ಕು ಚೆನ್ನಾಗಿ ಬಂದಿತ್ತು. ಆದರೆ ಬಂದವರು ಕೆಲವೇ ಸೆಕೆಂಡಿನಲ್ಲಿ ವಾಪಸ್ ಹೋಗಿದ್ದರು. ಕೆಳಗೆ ಕಾಮೆಂಟು: ‘ಯಾವ ತಾಲ್ಲೂಕು ಅಂತ ಮೇಲೇ ಹೇಳೋಕೇನು ಕಷ್ಟ?’ ಶೀರ್ಷಿಕೆ ಕೆಟ್ಟಿದೆ ಅಂತ ತಿಳಿಯೋದು ಹೀಗೆ. ಕ್ಲಿಕ್ಕಿನ ಜೊತೆ ಓದಿದ ಸಮಯವನ್ನೂ ನೋಡಬೇಕು.

ಕಂಪನಿಗಳೂ ಇದನ್ನೇ ನೋಡುತ್ತವೆ. ಫೇಸ್‌ಬುಕ್ 2014ರಲ್ಲೇ, ಲಿಂಕ್ ಒತ್ತಿದವರು ತಕ್ಷಣ ವಾಪಸ್ ಬಂದರೆ ಅದನ್ನು ಗಣನೆಗೆ ತೆಗೆದುಕೊಳ್ಳುವುದಾಗಿ ಹೇಳಿತು. ಬೇಕಾದ ಮಾಹಿತಿ ಮುಚ್ಚಿಡುವ, ಇಲ್ಲದ್ದನ್ನು ಉಬ್ಬಿಸುವ ಶೀರ್ಷಿಕೆಗಳನ್ನು ಕೆಳಕ್ಕೆ ತಳ್ಳುವುದಾಗಿ 2016ರಲ್ಲಿ ಪ್ರಕಟಿಸಿತು. ಫೋನಿನಲ್ಲಿ ನಾವು ಹುಡುಕದೇ ಬರುವ ಗೂಗಲ್ ಡಿಸ್ಕವರ್ ಸುದ್ದಿಗಳಿಗೂ ಇದೇ ಸೂಚನೆ ಇದೆ: ಮುಖ್ಯ ವಿಷಯ ಬಚ್ಚಿಟ್ಟು ಕ್ಲಿಕ್ ಮಾಡಿಸಬೇಡಿ. ಅಂದರೆ ನನ್ನ ‘ಎಲ್ಲೆಲ್ಲಿ ಗೊತ್ತಾ?’ ಓದುಗರಿಗೂ ಮೋಸ, ನಮ್ಮ ಸೈಟಿಗೂ ನಷ್ಟ.

ಹಾಗಂತ ಹುಡುಕುವ ಪದಗಳನ್ನು ಬಿಟ್ಟರೆ ಸುದ್ದಿ ಯಾರಿಗೂ ಸಿಗಲ್ಲ. ಆದೇಶದಲ್ಲಿ ‘ವಿದ್ಯಾಸಂಸ್ಥೆಗಳಿಗೆ ರಜೆ’ ಅಂತ ಇರಬಹುದು, ಜನ ಹಾಗೆ ಟೈಪ್ ಮಾಡಲ್ಲ. ಯಾವ ಪದ ಹಾಕಿದವರಿಗೆ ನಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅನ್ನೋದನ್ನು ಗೂಗಲ್ ಸರ್ಚ್ ಕನ್ಸೋಲ್ ತೋರಿಸುತ್ತದೆ. ಅಲ್ಲಿ ನೋಡಿದಾಗ ನಮಗೆ ಕಂಡದ್ದು ‘ಹಾಸನ ಶಾಲೆ ರಜೆ’, ‘ಸ್ಕೂಲ್ ರಜೆ ನಾಳೆ’ ಥರದ ಸಾಲುಗಳು. ಜನ ಕೇಳೋದು ಮೂರೇ: ಯಾವ ಊರು, ಏನು, ಯಾವತ್ತು.

ಹಾಗಾದರೆ ಅವನ್ನೆಲ್ಲ ತುರುಕಿ ‘ಹಾಸನ ಶಾಲೆ ರಜೆ, ನಾಳೆ ರಜೆ, ಸ್ಕೂಲ್ ರಜೆ ಸುದ್ದಿ’ ಅಂದರೆ? ಅದು ಶೀರ್ಷಿಕೆಯಲ್ಲ, ದಿನಸಿ ಚೀಟಿ. ಪದ ತುರುಕಿದ ಅಥವಾ ಪುಟಕ್ಕೆ ಹೊಂದದ ಶೀರ್ಷಿಕೆಯನ್ನು ಗೂಗಲ್ ಬದಲಿಸಿ, ಪುಟದಲ್ಲಿರುವ ಬೇರೆ ಸಾಲನ್ನೇ ತೋರಿಸಬಹುದು.

ಈಗ ಅದೇ ಸುದ್ದಿಯನ್ನು ಹೀಗೆ ಬರೆಯುತ್ತೇನೆ: ‘ಹಾಸನ: ಸಕಲೇಶಪುರ ತಾಲ್ಲೂಕಿನ ಶಾಲೆಗಳಿಗೆ ಮಾತ್ರ ಜುಲೈ 18ರಂದು ರಜೆ’. ಊರು ಮೊದಲು ಬಂತು, ಏಕೆಂದರೆ ಫೋನಿನ ಪರದೆಯಲ್ಲಿ ಉದ್ದವಾದ ಸಾಲಿನ ಬಾಲ ಕತ್ತರಿಸಿಹೋಗುತ್ತದೆ. ‘ನಾಳೆ’ ಹೋಗಿ ತಾರೀಕು ಬಂತು. ಸುದ್ದಿ ಮಾರನೇ ದಿನವೂ ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ಅಲ್ಲಿ ‘ನಾಳೆ’ ಅನ್ನೋದು ಸುಳ್ಳಾಗಿಬಿಡುತ್ತದೆ. ‘ಶಾಲೆ’, ‘ರಜೆ’ ಜನ ಹುಡುಕುವ ಪದಗಳು, ಅವು ಹಾಗೇ ಉಳಿದವು. ಪಿಯು ಕಾಲೇಜಿನ ವಿಷಯಕ್ಕೆ ಸಾಲಿನಲ್ಲಿ ಜಾಗ ಸಿಗಲಿಲ್ಲ, ಅದು ಮೊದಲ ವಾಕ್ಯಕ್ಕೆ ಹೋಯಿತು.

ಕಷ್ಟವಾದ ಪದ ‘ಮಾತ್ರ’. ಅದನ್ನು ಓದಿದ ಅರಸೀಕೆರೆಯವರು, ಬೇಲೂರಿನವರು ಒಳಗೇ ಬರಲ್ಲ. ಕ್ಲಿಕ್ಕು ಕಮ್ಮಿಯಾಗುತ್ತೆ ಅಂತ ಡೆಸ್ಕಿನಲ್ಲಿ ವಾದವೂ ಆಯಿತು. ನಿಜ, ಕಮ್ಮಿಯಾಗುತ್ತೆ. ಉತ್ತರ ಶೀರ್ಷಿಕೆಯಲ್ಲೇ ಸಿಕ್ಕರೆ ಕೆಲವರಿಗೆ ಒಳಗೆ ಬರುವ ಅಗತ್ಯವೇ ಇರಲ್ಲ. ಆದರೆ ಬಂದ ಸಕಲೇಶಪುರದವರು ನಿಂತು ಓದುತ್ತಾರೆ, ಶಾಲೆಯ ಗುಂಪಿಗೆ ಕಳಿಸುತ್ತಾರೆ.

ಇನ್ನೊಂದು ಪೇಚು ಇದೆ. ಮಳೆ ಜೋರಾದ ರಾತ್ರಿ ಆದೇಶ ಬರುವ ಮೊದಲೇ ಜನ ಹುಡುಕೋಕೆ ಶುರು ಮಾಡುತ್ತಾರೆ. ಆಗ ‘ರಜೆ ಸಾಧ್ಯತೆ?’ ಅಂತ ಹಾಕುವ ಆಸೆ ಎಲ್ಲರಿಗೂ ಆಗುತ್ತೆ. ನಾವೀಗ ‘ಹಾಸನ: ಜುಲೈ 18ರ ಶಾಲೆ ರಜೆ ಬಗ್ಗೆ ರಾತ್ರಿ 9ರವರೆಗೆ ಆದೇಶವಿಲ್ಲ’ ಅಂತ ಹಾಕುತ್ತೇವೆ. ಆದೇಶ ಬಂದ ಕೂಡಲೇ ಅದೇ ಪುಟದ ಸುದ್ದಿ, ಶೀರ್ಷಿಕೆ ಎರಡನ್ನೂ ಬದಲಿಸುತ್ತೇವೆ. ಹಳೇ ಲಿಂಕ್ ಒತ್ತಿದವರಿಗೂ ಹೊಸ ಸುದ್ದಿಯೇ ಸಿಗುತ್ತದೆ.

ಮೊನ್ನೆ ಮತ್ತೆ ಮಳೆ. ಅಕ್ಕನ ಮೆಸೇಜು ಬಂತು: ‘ನಿಮ್ಮದು ನೋಡ್ದೆ, ನಮಗಿಲ್ಲ. ಮಗಳು ಸ್ಕೂಲಿಗೆ ಹೋದಳು.’ ಲಿಂಕ್ ಮಾತ್ರ ಒತ್ತಿರಲಿಲ್ಲವಂತೆ!