ಗ್ಯಾಸ್ ಬಿಡು ಅನ್ನುವವರಿಗೆ ನಮ್ಮನೆ ಮೀಟರಿನ ಲೆಕ್ಕ

ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಯಾರಾದರೊಬ್ಬರು ಶುರು ಮಾಡ್ತಾರೆ: "ಇನ್ನೂ ಗ್ಯಾಸಲ್ಲೇ ಅಡುಗೆನಾ? ಇಂಡಕ್ಷನ್ ತಗೋ ಗುರು, ಅರ್ಧ ಖರ್ಚು." ಈ ಅರ್ಧ ಎಲ್ಲಿಂದ ಬಂತು ಅಂತ ಕೇಳಿ ನೋಡಿ, ಯಾರ ಹತ್ತಿರವೂ ಲೆಕ್ಕ ಇರಲ್ಲ. ನಾನೂ ನಂಬಿದ್ದೆ. ಆರು ತಿಂಗಳು ಬರೀ ಇಂಡಕ್ಷನ್‌ನಲ್ಲೇ ಅಡುಗೆ ಮಾಡಿ, ಮೀಟರ್ ಓದಿ ಈಗ ಬರೀತಿದ್ದೀನಿ.

14.2 ಕೆಜಿ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಕರೆಂಟಿನಷ್ಟು ಶಾಖ ಇದೆ. ಆದರೆ ಒಲೆಯ ಉರಿಯಲ್ಲಿ ನೂರಕ್ಕೆ 60ರಷ್ಟು ಮಾತ್ರ ಪಾತ್ರೆಗೆ ಸೇರುತ್ತೆ, ಮಿಕ್ಕಿದ್ದು ಅಡುಗೆಮನೆ ಕಾಯಿಸುತ್ತೆ. ಇಂಡಕ್ಷನ್‌ನಲ್ಲಿ 85ರಷ್ಟು ಸೇರುತ್ತೆ. ಹಾಗಾಗಿ ಒಂದು ಸಿಲಿಂಡರಿನ ಅಡುಗೆಗೆ ಸುಮಾರು 125 ಯೂನಿಟ್ ಸಾಕು. ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 875 ರೂಪಾಯಿ. ನಾನು ಲೆಕ್ಕ ಹಾಕಿದಾಗ ಸಿಲಿಂಡರ್ 850ರ ಆಸುಪಾಸಿನಲ್ಲಿತ್ತು. ಅರ್ಧ ಎಲ್ಲಿ ಬಂತು ಸ್ವಾಮಿ?

ಇದಕ್ಕಿಂತ ದೊಡ್ಡ ಪೆಟ್ಟು ಕೊಡೋದು ಗೃಹಜ್ಯೋತಿ. 200 ಯೂನಿಟ್ ತನಕ ಎಲ್ಲರಿಗೂ ಉಚಿತ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಮ್ಮಂಥ ಮನೆಗಳಿಗೆ 2022–23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ಬರುವಷ್ಟು ಮಾತ್ರ ಉಚಿತ. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ನಮ್ಮದು ಮೂರು ಜನರ ಮನೆ, ಸಿಲಿಂಡರ್ 50 ದಿನ ಬರುತ್ತೆ. ಅಂದ್ರೆ ಅಡುಗೆಗೆ ತಿಂಗಳಿಗೆ 510 ರೂಪಾಯಿಯ ಗ್ಯಾಸ್, ಇಲ್ಲವೇ 75 ಯೂನಿಟ್ ಕರೆಂಟ್. ಹಳೇ ಸರಾಸರಿ 110, ಹಾಗಾಗಿ ಉಚಿತ 121. ಮಾಮೂಲಿ ತಿಂಗಳಲ್ಲಿ ಇಂಡಕ್ಷನ್ ಸೇರಿ 185 ಆಯ್ತು, 64 ಯೂನಿಟ್ಟಿಗೆ 448 ರೂಪಾಯಿ ಕಟ್ಟಿದ್ವಿ. ಗ್ಯಾಸಿಗಿಂತ ಕಮ್ಮಿನೇ, ಒಪ್ಪಿಕೊಂಡೆ. ಆಮೇಲೆ ಬೇಸಿಗೆ ಬಂತು. ಫ್ಯಾನು, ಫ್ರಿಜ್ಜು ಸೇರಿ ಮನೆಯ ಬಳಕೆಯೇ 135. ಇಂಡಕ್ಷನ್ ಸೇರಿದಾಗ 210. ಪೂರ್ತಿ 210 ಯೂನಿಟ್ಟಿಗೆ 1470 ರೂಪಾಯಿ, ನಿಗದಿತ ಶುಲ್ಕ ಬೇರೆ. ಇಂಡಕ್ಷನ್ ಇಲ್ಲದಿದ್ದರೆ 98 ರೂಪಾಯಿಯಲ್ಲಿ ಮುಗೀತಿತ್ತು. ಹತ್ತೇ ಯೂನಿಟ್ ದಾಟಿದ್ದಕ್ಕೆ!

ಇನ್ನು ಪಾತ್ರೆ. ಮದುವೆಗೆ ಅಮ್ಮ ಕೊಟ್ಟ ಹಿಂಡಾಲಿಯಂ ಕುಕ್ಕರು, ಬಾಣಲೆ ಎಲ್ಲ ಅಟ್ಟ ಸೇರಿದವು. ತಳಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟದಿದ್ದರೆ ಆ ಪಾತ್ರೆ ಇಂಡಕ್ಷನ್ನಿಗೆ ಆಗಲ್ಲ. ಅಂಟಿದರೂ ಸಾಲದು. ಕಬ್ಬಿಣದ ಹೆಂಚು ಚೆನ್ನಾಗಿ ಅಂಟುತ್ತೆ, ಆದರೆ ಕೆಳಗಿನ ಕಾಯಿಲ್ ಹೆಂಚಿಗಿಂತ ಚಿಕ್ಕದು. ದೋಸೆ ನಡುವೆ ಸೀದು ಅಂಚಿನಲ್ಲಿ ಬಿಳಿಚಿಕೊಂಡಿರುತ್ತೆ. ಒಗ್ಗರಣೆ ಸೌಟಿನ ತಳ ಪುಟ್ಟದು, ಪಾತ್ರೆ ಇಟ್ಟಿದ್ದೀರಿ ಅಂತಲೇ ಅದಕ್ಕೆ ಗೊತ್ತಾಗಲ್ಲ, ಕುಂಯ್ ಕುಂಯ್ ಅಂತ ಕೂಗಿ ಆಫ್ ಆಗುತ್ತೆ. ಮುದ್ದೆ ತೊಳಸುವಾಗ ಪಾತ್ರೆ ಒಂಚೂರು ಜರುಗಿದರೂ ಅದೇ ಕತೆ. ನಾನು ತುಮಕೂರು ಕಡೆ ಹಳ್ಳಿಯವನು, ಮುದ್ದೆ ಬಿಟ್ಟು ಇಂಡಕ್ಷನ್ ಇಟ್ಕೊಳ್ಳೋ ಮಾತೇ ಇಲ್ಲ.

ಕರೆಂಟ್ ಹೋದ್ರೆ? "ಇನ್ವರ್ಟರ್ ಇದೆಯಲ್ಲ" ಅಂತಾರೆ. ಮನೆಯ ಸಾಮಾನ್ಯ 1 ಕೆವಿಎ ಇನ್ವರ್ಟರ್ 2000 ವಾಟಿನ ಇಂಡಕ್ಷನ್ ಹೊರಲ್ಲ, ಹಾಕಿದ ತಕ್ಷಣ ಟ್ರಿಪ್ ಆಗುತ್ತೆ. ಅಪಾರ್ಟ್‌ಮೆಂಟಿನ ಜನರೇಟರ್ ಫ್ಲಾಟಿಗೆ ಇಂತಿಷ್ಟೇ ಅಂತ ಕೊಡುತ್ತೆ. ನಮ್ಮಲ್ಲಿ ಲೈಟು, ಫ್ಯಾನಿಗೆ ಸಾಕು, ಅಷ್ಟೇ. ಬಾಡಿಗೆ ಮನೆಯವರು ಗೋಡೆಯ ಸಾಕೆಟ್ಟನ್ನೂ ನೋಡಿ. 2000 ವಾಟ್ ಅಂದ್ರೆ ಸುಮಾರು 9 ಆಂಪ್. ನಮ್ಮ ಹಿಂದಿನ ಮನೆಯ ಅಡುಗೆ ಕಟ್ಟೆ ಮೇಲೆ 6 ಆಂಪಿನ ಸಾಕೆಟ್ ಮಾತ್ರ ಇತ್ತು. ಅಡಾಪ್ಟರ್ ಸಿಕ್ಕಿಸಿ ಅನ್ನಕ್ಕಿಟ್ಟೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಾಗ ಕಿತ್ತು ನೋಡಿದರೆ ಸಾಕೆಟ್ಟಿನ ತೂತೇ ಕರಗಿ ಸೊಟ್ಟಗಾಗಿತ್ತು. ಪ್ಲಗ್ ಮುಟ್ಟಿ ನೋಡಿ, ಬೆಚ್ಚಗಲ್ಲ ಬಿಸಿ ಇದ್ದರೆ ಅಲ್ಲಿಗೇ ನಿಲ್ಲಿಸಿ. 16 ಆಂಪಿನ ಪಾಯಿಂಟ್ ಹಾಕಿಸದೆ ಇಂಡಕ್ಷನ್ ಕೊಳ್ಳೋದು ಬೇಡ.

ಅದಕ್ಕೆ ಈಗ ನಮ್ಮನೇಲಿ ಗ್ಯಾಸೇ ಯಜಮಾನ. ಹಾಲು, ಕಾಫಿಗೆ ನೀರು, ಅನ್ನ ಇಷ್ಟು ಇಂಡಕ್ಷನ್ನಿಗೆ, ದಿನಕ್ಕೆ 1 ಯೂನಿಟ್. ಬೇಸಿಗೆಯಲ್ಲೂ 165ಕ್ಕೆ ನಿಲ್ಲುತ್ತೆ, ಸಿಲಿಂಡರ್ 80 ದಿನ ಬರುತ್ತೆ. ಮೊನ್ನೆ ಅಮ್ಮ ಊರಿಂದ ಬಂದವರು ಬದನೆಕಾಯಿ ಸುಡೋಕೆ ಉರಿ ಎಲ್ಲಪ್ಪಾ ಅಂತ ಕೇಳಲಿಲ್ಲ, ಬರ್ನರ್ ಹಚ್ಚಿ ಸುಟ್ಟು ಗೊಜ್ಜು ಮಾಡಿದರು. ಊಟದ ಹೊತ್ತಿಗೆ ಕರೆಂಟ್ ಇರಲಿಲ್ಲ.